ಎಂಟು ಲೇಯರಿಗೊಂದು ಬಳೆ

ಕಾಕಾ ಪ್ಯಾಟರ್ನನ್ನು ಕೈಗೆ ತಗೊಂಡವರು ಕಣ್ಣಿಂದ ನೋಡಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ಬುಡದಿಂದ ತುದಿಯವರೆಗೆ ಎಳೆದರು. ಟರ್ರ್ ಅಂತ ಸದ್ದಾಯಿತು. "ತಮ್ಮಾ, ಇದೇನೋ ಇದು, ಕೈತುಂಬ ಬಳಿ ತೊಟ್ಟಂಗ ಆಗೇತಲ್ಲೋ" ಅಂದರು. ನಾನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ನಿಜ. ಮೇಲಿಂದ ಕೆಳಗೆ, ಒಂದೇ ಅಂತರದಲ್ಲಿ, ಸಾಲಾಗಿ ಉಂಗುರಗಳು.

ನಾನಿರುವುದು ಬೆಳಗಾವಿಯಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ತ್ರೀಡಿ ಪ್ರಿಂಟರ್ ಇಟ್ಟುಕೊಂಡಿದ್ದೇನೆ. ಗಿರಾಕಿಗಳಲ್ಲಿ ಅರ್ಧ ಜನ ಉದ್ಯಮಬಾಗಿನ ಫೌಂಡ್ರಿಗಳಿಗೆ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡಿಕೊಡುವವರು. ಕಾಕಾ ಅವರಲ್ಲೊಬ್ಬರು. ಕಟ್ಟಿಗೆಯಲ್ಲಿ ಪ್ಯಾಟರ್ನ್ ಕೆತ್ತುತ್ತಲೇ ವಯಸ್ಸಾದವರು, ಈಗ ಸಣ್ಣಪುಟ್ಟ ತುಂಡುಗಳನ್ನು ನನ್ನ ಹತ್ತಿರ ಪ್ರಿಂಟ್ ಮಾಡಿಸುತ್ತಾರೆ. ಈ ಸಲದ್ದು ಒಂದು ಬಾಸ್, ಅಂದರೆ ಎರಕದ ಮೈಮೇಲೆ ಬರುವ ದುಂಡನೆ ಉಬ್ಬು. ಬುಡದಲ್ಲಿ 42 ಎಂಎಂ ದಪ್ಪ, ತುದಿಯಲ್ಲಿ 40, ಎತ್ತರ 60. ಬದಿಗೆ ಒಂದು ಡಿಗ್ರಿ ಇಳಿಜಾರು ಕೊಟ್ಟಿರುವುದು ಮರಳಿನಿಂದ ಸುಲಭವಾಗಿ ಮೇಲೆ ಬರಲಿ ಅಂತ.

ಬೇರೆ ಯಾರಾದರೂ ಆಗಿದ್ದರೆ ಈ ಉಂಗುರ ನೋಡಿ ಸುಮ್ನೆ ಇರುತ್ತಿದ್ದರು. ಹೂಕುಂಡಕ್ಕೆ ಇಂಥ ಗೆರೆ ಇದ್ದರೆ ಡಿಸೈನ್ ಅಂತ ಮಾರಬಹುದು. ಪ್ಯಾಟರ್ನಿಗೆ ಆಗುವುದಿಲ್ಲ. ಹಸಿ ಮರಳನ್ನು ಅದರ ಸುತ್ತ ಕುಟ್ಟಿ, ಆಮೇಲೆ ಪ್ಯಾಟರ್ನನ್ನು ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಉಂಗುರಗಳು ಎಳೆಯುವ ದಿಕ್ಕಿಗೆ ಸರಿಯಾಗಿ ಅಡ್ಡ ಇರುತ್ತವೆ. ಒಂದೊಂದೂ ಮರಳನ್ನು ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳುತ್ತದೆ, ಅಚ್ಚಿನ ಗೋಡೆ ಕಿತ್ತು ಬರುತ್ತದೆ. ಪುಟ್ಟಿ ಹಚ್ಚಿ ಉಜ್ಜಿದರೆ ಸರಿಯಾಗುತ್ತದೆ, ಆದರೆ ಒಂದು ತಾಸಿನ ಪ್ರಿಂಟಿಗೆ ಮೂರು ತಾಸು ಉಜ್ಜುವುದು ಯಾರಿಗೆ ಬೇಕು? "ಹಿಂಗಾದ್ರ ನಾ ಕಟಗೀಲೇ ಮಾಡ್ತೀನಿ ಬಿಡು" ಅಂದು ಕಾಕಾ ಹೋದರು.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಅಡ್ಡ ಗೆರೆ ಅಂದಕೂಡಲೇ ಲೀಡ್ ಸ್ಕ್ರೂ ಮೇಲೆ ಅನುಮಾನ. ಒಂದು ಇಡೀ ಭಾನುವಾರ ಸ್ಕ್ರೂ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ನಟ್ ಸಡಿಲ ಮಾಡಿ, ಮತ್ತೆ ಕೂರಿಸಿದೆ. ಪ್ರಿಂಟ್ ಹಾಕಿದರೆ ಅದೇ ಬಳೆ. ಆಗ ಬುದ್ಧಿ ಬಂದು ವರ್ನಿಯರ್ ತೆಗೆದೆ. ಒಂದು ಉಂಗುರದ ಅಂತರ ಅಳೆಯಲು ಹೋದರೆ ಕಣ್ಣು ಮೋಸ ಮಾಡುತ್ತದೆ, ಹತ್ತನ್ನು ಒಟ್ಟಿಗೆ ಅಳೆಯಬೇಕು. ಹತ್ತಕ್ಕೆ 16 ಎಂಎಂ ಬಂತು. ಅಂದರೆ ಒಂದಕ್ಕೆ 1.6.

ನನ್ನ ಮಶಿನ್ನಿನ ಸ್ಕ್ರೂ ಒಂದು ಸುತ್ತಿಗೆ 8 ಎಂಎಂ ಏರುತ್ತದೆ, ಹಲ್ಲಿನಿಂದ ಹಲ್ಲಿಗೆ 2 ಎಂಎಂ. ತಪ್ಪು ಸ್ಕ್ರೂನದಾಗಿದ್ದರೆ ಗೆರೆಗಳ ಅಂತರ ಈ 8 ಅಥವಾ 2ಕ್ಕೆ ಹೊಂದಬೇಕಿತ್ತು. 1.6 ಎರಡಕ್ಕೂ ಹೊಂದುವುದಿಲ್ಲ. ಭಾನುವಾರ ಬೆಳಿಗ್ಗೆಯೇ ಈ ಅಳತೆ ಮಾಡಿದ್ದರೆ ಗ್ರೀಸಾದರೂ ಉಳಿಯುತ್ತಿತ್ತು.

ಮುಂದಿನ ಪರೀಕ್ಷೆ ಬಹಳ ಸರಳ, ಮತ್ತು ನನ್ನ ಪ್ರಕಾರ ಈ ಇಡೀ ಕೇಸಿನಲ್ಲಿ ಅತಿ ಉಪಯೋಗದ್ದು ಅದೇ. ಅದೇ ಬಾಸ್ ಅನ್ನು ಎರಡು ಪ್ರತಿ ಇಟ್ಟು ಒಟ್ಟಿಗೆ ಪ್ರಿಂಟ್ ಹಾಕಿದೆ. ಒಂದೇ ಇದ್ದಾಗ ಒಂದು ಲೇಯರಿಗೆ 12 ಸೆಕೆಂಡ್ ಹಿಡಿಯುತ್ತಿತ್ತು. ಎರಡಿದ್ದರೆ, ಅಲ್ಲಿಂದಿಲ್ಲಿಗೆ ಓಡಾಡುವುದೂ ಸೇರಿ, 25 ಸೆಕೆಂಡ್. ತಪ್ಪು ಸ್ಕ್ರೂ, ಚಕ್ರ, ಬೆಲ್ಟ್ ಇಂಥವುಗಳದ್ದಾದರೆ ಗೆರೆ ಎತ್ತರಕ್ಕೆ ಅಂಟಿಕೊಂಡಿರುತ್ತದೆ, ಎಷ್ಟು ನಿಧಾನ ಪ್ರಿಂಟ್ ಮಾಡಿದರೂ ಅಂತರ ಬದಲಾಗುವುದಿಲ್ಲ. ತಪ್ಪು ಶಾಖದ್ದಾದರೆ ಗೆರೆ ಗಡಿಯಾರಕ್ಕೆ ಅಂಟಿಕೊಂಡಿರುತ್ತದೆ. ಹತ್ತು ಉಂಗುರ ಅಳೆದೆ. 7.7 ಎಂಎಂ. ಅಂತರ ಅರ್ಧಕ್ಕಿಂತ ಸ್ವಲ್ಪ ಕಡಿಮೆಗೆ ಇಳಿದಿತ್ತು.

ಲೆಕ್ಕ ಹಾಕಿ ನೋಡಿ. ಲೇಯರ್ ದಪ್ಪ 0.2. ಒಂದೇ ತುಂಡಿನಲ್ಲಿ 1.6 ಎಂಎಂ ಅಂದರೆ 8 ಲೇಯರ್, ಲೇಯರಿಗೆ 12 ಸೆಕೆಂಡಿನಂತೆ 96 ಸೆಕೆಂಡ್. ಎರಡು ತುಂಡಿನಲ್ಲಿ 0.77 ಎಂಎಂ, ಸುಮಾರು 3.85 ಲೇಯರ್, ಲೇಯರಿಗೆ 25 ಸೆಕೆಂಡಿನಂತೆ ಮತ್ತೆ ಅದೇ 96. ಅಂದರೆ ಮಶಿನ್ನಿನೊಳಗೆ ಯಾವುದೋ ಒಂದು ವಸ್ತು 96 ಸೆಕೆಂಡಿಗೊಮ್ಮೆ ಉಸಿರು ಎಳೆದು ಬಿಡುತ್ತಿದೆ. ಏನದು?

ಕಂಪ್ಯೂಟರನ್ನು ಯುಎಸ್‌ಬಿಯಲ್ಲಿ ಜೋಡಿಸಿ `M155 S1` ಕೊಟ್ಟೆ. ಸೆಕೆಂಡಿಗೊಮ್ಮೆ ಎರಡೂ ಟೆಂಪರೇಚರ್ ತಾನೇ ಬರೆಯುತ್ತಾ ಹೋಗುತ್ತದೆ. ಚಹಾ ಕಪ್ಪು ಹಿಡಿದು ಹತ್ತು ನಿಮಿಷ ಸುಮ್ನೆ ನೋಡಿದೆ. ಎರಡೂ ಕುಣಿಯುತ್ತಿದ್ದವು. ಹಾಟ್‌ಎಂಡ್ 210 ಇರಬೇಕಾದದ್ದು 206ಕ್ಕೂ 214ಕ್ಕೂ ನಡುವೆ, ಅರ್ಧ ನಿಮಿಷಕ್ಕೊಂದು ಸುತ್ತು. ಬೆಡ್ 60 ಇರಬೇಕಾದದ್ದು 57.6ರಿಂದ 62.7ರವರೆಗೆ. ಅದರ ಸುತ್ತು ಸುಮಾರು ಒಂದೂವರೆ ನಿಮಿಷ.

ಇಲ್ಲಿ ಉತ್ತರ ಕಣ್ಣ ಮುಂದೆಯೇ ಇತ್ತು, 96 ಸೆಕೆಂಡ್ ಹೊಂದುತ್ತಿದ್ದದ್ದು ಬೆಡ್ಡಿಗೆ. ಆದರೂ ನಾನು ಹಾಟ್‌ಎಂಡ್‌ನಿಂದಲೇ ಶುರು ಮಾಡಿದೆ. ಪ್ಲಾಸ್ಟಿಕ್ ಕರಗಿಸುವುದು ಅದು, ಬೆಡ್ ಸುಮ್ನೆ ಕೆಳಗೆ ಬಿಸಿಯಾಗಿ ಕೂತಿರುತ್ತದೆ, ಅದೇನು ಮಾಡೀತು ಅನ್ನುವ ಭಾವನೆ. ಹಾಟ್‌ಎಂಡ್ ಮೇಲೆ ಕಾರಣವೂ ಇತ್ತು. ಎರಡು ತಿಂಗಳ ಹಿಂದೆ ಪ್ಲಾಸ್ಟಿಕ್ ಸೋರಿ ಬ್ಲಾಕ್ ಪೂರ್ತಿ ಮುಚ್ಚಿಹೋಗಿತ್ತು. ಆಗ ಬ್ಲಾಕ್ ಬದಲಿಸಿ, 40 ವ್ಯಾಟಿನ ಹೀಟರ್ ಜಾಗಕ್ಕೆ 60 ವ್ಯಾಟಿನದು ಹಾಕಿದ್ದೆ. ಪಿಐಡಿ ಅಂಕೆಗಳನ್ನು ಮಾತ್ರ ಮುಟ್ಟಿರಲಿಲ್ಲ.

ಆ ಮೂರು ಅಕ್ಷರದ ಕೆಲಸ ಏನು ಅಂದರೆ, ಹಂಚಿನ ಮುಂದೆ ಕೂತ ಅವ್ವನ ಕೈ ನೋಡಿ. ಹಂಚು ಇನ್ನೂ ತಣ್ಣಗಿದ್ದಷ್ಟು ಉರಿ ಜಾಸ್ತಿ, ಅದು ಪಿ. ಬಹಳ ಹೊತ್ತಾದರೂ ರೊಟ್ಟಿ ಹಸಿಯಾಗಿಯೇ ಇದೆ ಅಂದರೆ ಉರಿ ಇನ್ನೊಂದು ಚೂರು ಏರಿಸುತ್ತಾಳೆ, ಅದು ಐ. ಹಂಚು ಬೇಗ ಬೇಗ ಕಾಯುತ್ತಿದೆ ಅಂತ ಕಂಡರೆ ಸರಿಯಾಗಿ ಕಾಯುವ ಮುಂಚೆಯೇ ಉರಿ ತಗ್ಗಿಸುತ್ತಾಳೆ, ಅದು ಡಿ. ಒಲೆ ಬದಲಿಸಿದ ದಿನ ಕೈ ಅಳತೆ ತಪ್ಪುತ್ತದೆ ಅಲ್ವಾ? ಹೀಟರ್ ಬದಲಿಸಿದ ಮೇಲೆ ನನ್ನ ಮಶಿನ್ನಿಗೆ ಆಗಿದ್ದೂ ಅಷ್ಟೇ.

ಮೊದಲ ಸಲ ಟ್ಯೂನ್ ಮಾಡಿದ್ದು ವ್ಯರ್ಥವಾಯಿತು. ಫ್ಯಾನ್ ಆಫ್ ಇಟ್ಟು ಮಾಡಿದ್ದೆ. ಅಂಕೆ ಚೆನ್ನಾಗಿ ಬಂತು, ನಿಂತಲ್ಲೇ ನಿಂತಿತು. ಆದರೆ ಪ್ರಿಂಟಿನಲ್ಲಿ ಎರಡನೇ ಲೇಯರಿಗೆ ಫ್ಯಾನ್ ಶುರುವಾದದ್ದೇ ತಡ, 210 ಇದ್ದದ್ದು 204ಕ್ಕೆ ಬಿದ್ದು, ಮೇಲೆದ್ದು, ಮತ್ತೆ ಬಿತ್ತು. ಬ್ಲಾಕಿನ ಸಿಲಿಕೋನ್ ಹೊದಿಕೆಯೂ ಸೋರಿಕೆಯ ಗಲಾಟೆಯಲ್ಲಿ ಹರಿದುಹೋಗಿತ್ತು, ಗಾಳಿ ನೇರ ಬ್ಲಾಕಿಗೇ ಹೊಡೆಯುತ್ತಿತ್ತು. ಹೊಸ ಹೊದಿಕೆ ಹಾಕಿದೆ, ಥರ್ಮಿಸ್ಟರ್ ಸ್ಕ್ರೂ ಬಿಗಿ ಇದೆಯಾ ನೋಡಿದೆ, ನಾಝಲನ್ನು ಬೆಡ್ಡಿನ ಹತ್ತಿರಕ್ಕೆ ತಂದೆ. ಗಾಳಿ ಬೆಡ್ಡಿಗೆ ಹೊಡೆದು ಮೇಲಕ್ಕೆ ಬರುವುದೂ ಲೆಕ್ಕಕ್ಕೆ ಬರಬೇಕು. ಪ್ರಿಂಟ್ ಮಾಡುವಾಗ ಹೇಗಿರುತ್ತದೋ ಹಾಗೇ ಇಟ್ಟು ಟ್ಯೂನ್ ಮಾಡಬೇಕು, ಇಲ್ಲದಿದ್ದರೆ ಬೇರೆ ಯಾವುದೋ ಮಶಿನ್ನನ್ನು ಟ್ಯೂನ್ ಮಾಡಿದ ಹಾಗೆ. ಆಮೇಲೆ ಇದು:

```
M106 S255
M303 E0 S210 C8 U1
M500
```

ಫ್ಯಾನ್ ಪೂರ್ತಿ. ಮೊದಲ ಹೀಟರನ್ನು 210ರ ಸುತ್ತ ಎಂಟು ಸಲ ಏರಿಳಿಸಿ ನೋಡು. ಬಂದ ಅಂಕೆಯನ್ನು ಕೂಡಲೇ ಬಳಸು. ಕೊನೆಗೆ ಉಳಿಸು. ಪ್ರಿಂಟರ್ ನಡೆಸುವ ಫರ್ಮ್‌ವೇರ್ ಮಾರ್ಲಿನ್ ಇಲ್ಲಿ ಮಾಡುವುದು ಒರಟು ಕೆಲಸ. ಬೇಕಂತಲೇ ಉರಿ ಹಚ್ಚಿ, ಆರಿಸಿ, ಶಾಖ ಎಷ್ಟು ಮೇಲೆ ಹೋಗಿ ಎಷ್ಟು ಕೆಳಗೆ ಬರುತ್ತದೆ, ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತದೆ. ಸ್ಕ್ರೀನಿನಲ್ಲಿ `Ku: 21.46 Tu: 31.00` ಅಂತ ಬಂತು. ಟಿಯು ಒಂದು ಸುತ್ತಿನ ಸೆಕೆಂಡು. ಕೆಯು ಅಂದರೆ ಬರೀ ಪಿ ಒಂದರಿಂದಲೇ ನಡೆಸಿದರೆ ಯಾವ ಅಂಕೆಗೆ ಈ ಹಾಟ್‌ಎಂಡ್ ನಿಲ್ಲದೆ ತೂಗಾಡುತ್ತದೋ ಆ ಅಂಕೆಯ ಅಂದಾಜು. ಪಿ ಅದರ ಶೇ. 60 ಇರಬೇಕು, 12.88. ಐ 0.83, ಡಿ 49.9.

ಈಗ ಹಳೆಯ ಪಿ ನೋಡಿ, 21.73. ಅಂದರೆ ಎರಡು ತಿಂಗಳಿಂದ ನನ್ನ ಹಾಟ್‌ಎಂಡ್ ತೂಗಾಟದ ಅಂಚಿನ ಮೇಲೇ ಕೂತಿತ್ತು. ಡಿ ಒಂದಿಷ್ಟು ಹಿಡಿದು ನಿಲ್ಲಿಸುತ್ತಿದ್ದರಿಂದ 4 ಡಿಗ್ರಿಗೆ ಮುಗಿಯುತ್ತಿತ್ತು. ಹೊಸ ಅಂಕೆ ಹಾಕಿದ ಮೇಲೆ, ಫ್ಯಾನ್ ಓಡುತ್ತಿದ್ದರೂ, ಅರ್ಧ ಡಿಗ್ರಿಗಿಂತ ಆಚೀಚೆ ಹೋಗಲಿಲ್ಲ.

ಪ್ರಿಂಟ್ ಹಾಕಿದೆ. ಬದಲಾವಣೆ ಕಂಡಿತು, ಆದರೆ ನಾನು ಅಂದುಕೊಂಡದ್ದಲ್ಲ. ಮೊದಲು ಗೋಡೆಯಲ್ಲಿ ಒಂದೆಡೆ ಹೊಳಪು ಒಂದೆಡೆ ಮಂಕು ಇತ್ತು, ರೇಷ್ಮೆ ಸೀರೆಯ ಮಡಿಕೆಯ ಹಾಗೆ. ಅದು ಪೂರ್ತಿ ಹೋಯಿತು. ಪಿಎಲ್‌ಎ ಜಾಸ್ತಿ ಬಿಸಿಯಾದಾಗ ಹೊಳೆಯುತ್ತದೆ, ಕಡಿಮೆಯಾದಾಗ ಮಂಕಾಗುತ್ತದೆ, ಆ ಬಣ್ಣದಾಟ ಹಾಟ್‌ಎಂಡಿನದೇ. ಉಗುರಿಗೆ ಸಿಗುವ ಬಳೆಗಳು ಮಾತ್ರ ಹಾಗೇ ಇದ್ದವು. ಅದೇ ಟರ್ರ್. ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು ಕೂಡ, ಯಾಕಂದರೆ ಮಧ್ಯೆ ಬೇರೆ ಗೊಂದಲ ಇರಲಿಲ್ಲ.

ಈಗ ಬೆಡ್ಡನ್ನು ಹಿಡಿಯಲೇಬೇಕಾಯಿತು. ಅನುಮಾನ ಖಾತ್ರಿ ಮಾಡಿಕೊಳ್ಳಲು ಅದೇ ಬಾಸ್, 30 ಎಂಎಂ ಎತ್ತರದಲ್ಲಿ `M140 S0` ಸೇರಿಸಿದ ಜಿಕೋಡ್. ಅಂದರೆ ಅರ್ಧ ದಾರಿಯಲ್ಲಿ ಬೆಡ್ ಆಫ್. ಬೆಡ್ಡಿನ ಮೇಲಿನ ಗಾಜು ತಣ್ಣಗಾದರೆ ತುಂಡು ಬಿಟ್ಟುಕೊಂಡು ಬರುತ್ತದೆ, ಅದಕ್ಕೆ ಸುತ್ತ ಅಗಲವಾದ ಬ್ರಿಮ್ ಕೊಟ್ಟು ಗಮ್ ಸ್ಟಿಕ್ ಹಚ್ಚಿದ್ದೆ. ಕೆಳಗಿನ ಅರ್ಧದಲ್ಲಿ ಬಳೆ ಸಾಲು, ಮೇಲಿನ ಅರ್ಧ ನುಣುಪು. ಒಂದೇ ತುಂಡಿನಲ್ಲಿ ಎರಡು ಮಶಿನ್ ಪ್ರಿಂಟ್ ಮಾಡಿದ ಹಾಗಿತ್ತು. ಅದನ್ನು ಇನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಪ್ಲಾಸ್ಟಿಕ್ಕಿಗೆ ಬೆಡ್ ತಾಗುವುದು ಮೊದಲ ಲೇಯರಿನಲ್ಲಿ ಮಾತ್ರ. 50 ಎಂಎಂ ಮೇಲಿರುವ ಲೇಯರಿಗೆ ಬೆಡ್ಡಿನ 5 ಡಿಗ್ರಿ ಹೇಗೆ ಗೊತ್ತಾಗುತ್ತದೆ? ಪಕ್ಕದ ವರ್ಕ್‌ಶಾಪಿನಿಂದ ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್ ತಂದೆ, ಉದ್ಯಮಬಾಗಿನ ಊರಲ್ಲಿ ಇದ್ದದ್ದಕ್ಕೆ ಇದೊಂದು ಲಾಭ. ಗೇಜಿನ ತುದಿಯನ್ನು ಗಾಜಿನ ನಟ್ಟನಡುವೆ ಕೂರಿಸಿ, ಬೆಡ್ 60ಕ್ಕೆ ಇಟ್ಟು, ಮೋಟಾರು ಯಾವುದೂ ಓಡದ ಹಾಗೆ ನೋಡುತ್ತಾ ಕೂತೆ. ಹೊರಗೆ ಮಳೆ, ಒಳಗೆ ಮುಳ್ಳು. ಬೆಡ್ಡಿನ ಕೆಂಪು ದೀಪ ಹತ್ತಿದ್ದೇ ಮುಳ್ಳು ನಿಧಾನ ಬಲಕ್ಕೆ ಸರಿಯಿತು, ಒಂದು ಗೆರೆ, ಎರಡು, ಮೂರು. ದೀಪ ಆರಿತು, ಇನ್ನೂ ನಿಧಾನವಾಗಿ ಎಡಕ್ಕೆ. 0.03 ಎಂಎಂ.

ಬೆಡ್ಡಿನ ಅಲ್ಯೂಮಿನಿಯಂ ತಟ್ಟೆ ನಾಲ್ಕು ಮೂಲೆಯಲ್ಲಿ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಬಿಸಿ ಕೆಳಗಿನಿಂದ ಬರುತ್ತದೆ. ಕಾದಾಗ ನನ್ನದು ನಡುವೆ ಹಪ್ಪಳದ ಹಾಗೆ ಉಬ್ಬುತ್ತದೆ. (ಕೆಲವರದು ತಗ್ಗಬಹುದು, ಪರಿಣಾಮ ಒಂದೇ.) ಬೆಡ್ ಉಬ್ಬಿದರೆ ಅದರ ಮೇಲಿನ ಇಡೀ ತುಂಡು ಮೇಲೇಳುತ್ತದೆ, ತುದಿಯಲ್ಲಿರುವ ಲೇಯರೂ ಅಷ್ಟೇ ಏಳುತ್ತದೆ. ನಾಝಲ್‌ಗೂ ತುಂಡಿಗೂ ನಡುವಿನ ಜಾಗ ಕಡಿಮೆಯಾಗುತ್ತದೆ, ಬರುವ ಪ್ಲಾಸ್ಟಿಕ್ ಅಷ್ಟೇ ಇರುವುದರಿಂದ ಬದಿಗೆ ಹಿಂಡಿಕೊಳ್ಳುತ್ತದೆ.

ಬಳೆಯ ಆಕಾರಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಭೂತಗನ್ನಡಿ ಹಿಡಿದಾಗ ಉಬ್ಬು ಕಿರಿದು, ತಗ್ಗು ಅಗಲ, ಸುಮಾರು ಮೂರು ಲೇಯರ್ ಉಬ್ಬು, ಐದು ಲೇಯರ್ ತಗ್ಗು. ಬೆಡ್ ಕಾಯಲು 32 ಸೆಕೆಂಡ್, ಆರಲು 64 ಸೆಕೆಂಡ್ ತಗೊಳ್ಳುತ್ತಿತ್ತು. ಕಾಯುವಾಗ ಆ 0.03 ಮೂರೇ ಲೇಯರಿನಲ್ಲಿ ಆಗಿಹೋಗುತ್ತದೆ, ಲೇಯರಿಗೆ 0.01, ಅಂದರೆ ದಪ್ಪದ ಶೇ. 5. ಆರುವಾಗ ಅದೇ 0.03 ಐದಾರು ಲೇಯರಿಗೆ ಹಂಚಿಹೋಗುತ್ತದೆ. ದಪ್ಪದಲ್ಲಿ ಶೇ. 5 ಕೇಳಲು ಏನೂ ಅಲ್ಲ, ಆದರೆ ಪಕ್ಕದ ಲೇಯರಿಗಿಂತ ಅಷ್ಟು ಹೊರಗೆ ಬಂದರೆ ಓರೆ ಬೆಳಕಿನಲ್ಲಿ ಕಾಣುತ್ತದೆ, ಉಗುರಿಗೆ ಸಿಗುತ್ತದೆ, ಮರಳಿಗಂತೂ ಸಿಕ್ಕೇ ಸಿಗುತ್ತದೆ.

ಬೆಡ್ ಇಷ್ಟು ಕುಣಿಯಲು ಕಾರಣ, ಅದಕ್ಕೆ ಪಿಐಡಿಯೇ ಇರಲಿಲ್ಲ. `M503` ಕೊಟ್ಟರೆ ಹಾಟ್‌ಎಂಡಿನ `M301` ಸಾಲು ಬರುತ್ತದೆ, ಬೆಡ್ಡಿನ `M304` ಸಾಲು ಇಲ್ಲ. ನಾನೇ ಬರೆದು ಕೊಟ್ಟರೆ `Unknown command`. ಮಾರ್ಲಿನ್‌ನಲ್ಲಿ ಬೆಡ್ ಪಿಐಡಿಯನ್ನು ಕಾನ್ಫಿಗರೇಶನ್ ಫೈಲಿನಲ್ಲಿ ನಾವೇ ಆನ್ ಮಾಡಬೇಕು, ಇಲ್ಲದಿದ್ದರೆ ಅದು ಪೂರ್ತಿ ಉರಿ ಇಲ್ಲವೇ ಪೂರ್ತಿ ಆರಿಕೆ. ನನ್ನ ಫರ್ಮ್‌ವೇರಿನಲ್ಲಿ ಅದರ ಜೊತೆಗೆ ಎರಡು ಡಿಗ್ರಿಯ ಸಡಿಲವೂ ಇತ್ತು. 58ಕ್ಕೆ ಇಳಿದರೆ ಹಚ್ಚು, 62ಕ್ಕೆ ಏರಿದರೆ ಆರಿಸು. ಆರಿಸಿದ ಮೇಲೂ ಶಾಖ ಸ್ವಲ್ಪ ಏರುತ್ತದೆ, ಹಚ್ಚಿದ ಮೇಲೂ ಸ್ವಲ್ಪ ಇಳಿಯುತ್ತದೆ, ಅದಕ್ಕೇ 57.6 ಮತ್ತು 62.7.

ಬದಲಿಸಿದ್ದು ಎರಡೇ ಸಾಲು:

```
#define PIDTEMPBED
//#define BED_LIMIT_SWITCHING
```

ಎರಡನೆಯದನ್ನು ಹಾಗೇ ಬಿಟ್ಟರೆ ಎರಡೂ ಒಟ್ಟಿಗೆ ಇರುವಂತಿಲ್ಲ ಅಂತ ಕಂಪೈಲ್ ಆಗುವಾಗಲೇ ನಿಲ್ಲಿಸಿಬಿಡುತ್ತದೆ. ಒಂದು ಎಚ್ಚರಿಕೆ. ಪಿಐಡಿ ಬೆಡ್ಡಿನ ಕರೆಂಟನ್ನು ಸೆಕೆಂಡಿಗೆ ಏಳೆಂಟು ಸಲ ಹಚ್ಚಿ ಆರಿಸುತ್ತದೆ. ನನ್ನ ಬೆಡ್ 24 ವೋಲ್ಟಿನದು, ಬೋರ್ಡಿನ ಮಾಸ್‌ಫೆಟ್‌ನಿಂದ ನಡೆಯುತ್ತದೆ, ತೊಂದರೆ ಇಲ್ಲ. ಟಕ್ ಟಕ್ ಅನ್ನುವ ಹಳೆಯ ರಿಲೇಯಿಂದ ಬೆಡ್ ನಡೆಸುವವರು ಇದನ್ನು ಮಾಡಬಾರದು, ರಿಲೇ ಬಹಳ ದಿನ ಬಾಳುವುದಿಲ್ಲ.

ಹೊಸ ಫರ್ಮ್‌ವೇರ್ ಹಾಕುವ ಮುಂಚೆ `M503` ಉತ್ತರದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟಿದ್ದೆ. ಅದು ಕೈ ಹಿಡಿಯಿತು. `M502`, `M500` ಕೊಟ್ಟು ಹೊಸದಾಗಿ ಶುರು ಮಾಡಿದಾಗ ಝಡ್ ಆಫ್‌ಸೆಟ್, ಎಕ್ಸ್‌ಟ್ರೂಡರ್ ಸ್ಟೆಪ್, ಮೊನ್ನೆ ಕಷ್ಟಪಟ್ಟು ತೆಗೆದ ಹಾಟ್‌ಎಂಡ್ ಅಂಕೆ, ಎಲ್ಲವೂ ಹೋದವು. ಫೋಟೋ ನೋಡಿ ಒಂದೊಂದೇ ತುಂಬಿದೆ. ಆಮೇಲೆ ಬೆಡ್ಡಿನ ಸರದಿ. ಗಾಜು ಕ್ಲಿಪ್ ಹಾಕಿ, ಕಿಟಕಿ ಮುಚ್ಚಿ:

```
M303 E-1 S60 C8 U1
M500
```

ಬೆಡ್ ದೊಡ್ಡದು, ನಿಧಾನ. ತಣ್ಣಗಿದ್ದಾಗಿನಿಂದ ಲೆಕ್ಕ ಹಾಕಿದರೆ ಹತ್ತು ನಿಮಿಷ ಹಿಡಿಯಿತು. ಬಂದದ್ದು ಪಿ 53.9, ಐ 3.59, ಡಿ 539. ಡಿ ಇಷ್ಟು ದೊಡ್ಡದಿರುವುದನ್ನು ನೋಡಿ ಹೆದರಬೇಡಿ. ಬೆಡ್ಡಿಗೆ ಮಾರ್ಲಿನ್ ಬೇರೆ ಲೆಕ್ಕ ಬಳಸುತ್ತದೆ, ಪಿಗೆ ಕೆಯುನ ಶೇ. 20 ಮಾತ್ರ, ಡಿ ಪಾಲು ಜಾಸ್ತಿ. ಮತ್ತೆ `M155 S1`. 59.8, 60.0, 60.1, 60.0. ಡಯಲ್ ಗೇಜ್ ಇಟ್ಟೆ. ಮುಳ್ಳು ಗೆರೆಯ ಮೇಲೇ ಕೂತಿತ್ತು, ಕೆಟ್ಟುಹೋಯಿತೋ ಅಂತ ಬೆರಳಲ್ಲಿ ಗಾಜು ಒತ್ತಿ ನೋಡಿದೆ.

ಈ ಅಂಕೆಗಳು ಪಿಎಲ್‌ಎಗೆ, 60ಕ್ಕೆ. ಎಬಿಎಸ್‌ಗೆ ಬೆಡ್ 100 ಇಟ್ಟಾಗ ಮುಕ್ಕಾಲು ಡಿಗ್ರಿಯಷ್ಟು ಓಲಾಡುತ್ತದೆ. ಅದಕ್ಕೆ 100ರಲ್ಲಿ ಬೇರೆ ಟ್ಯೂನ್ ಮಾಡಿ, ಬಂದ `M304` ಸಾಲನ್ನು ಎಬಿಎಸ್ ಪ್ರೊಫೈಲಿನ ಸ್ಟಾರ್ಟ್ ಜಿಕೋಡಿನಲ್ಲಿ ಬರೆದಿಟ್ಟಿದ್ದೇನೆ. ನನ್ನ ಅಂಕೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ, ನಿಮ್ಮ ಗಾಜು ಒಂದು ಎಂಎಂ ತೆಳ್ಳಗಿದ್ದರೂ ಲೆಕ್ಕ ಬೇರೆ.

ಬುಧವಾರ ಕಾಕಾ ಬಂದರು. ಹೊಸ ಬಾಸ್ ಕೊಟ್ಟೆ. ಮತ್ತೆ ಅದೇ ಉಗುರು, ಬುಡದಿಂದ ತುದಿಗೆ. ಸದ್ದಿಲ್ಲ. ಸ್ವಲ್ಪ ತಿರುಗಿಸಿ ಇನ್ನೊಮ್ಮೆ. ಸದ್ದಿಲ್ಲ. ಆಮೇಲೆ ಅಡ್ಡ ಉಜ್ಜಿದರು, ಒಂದು ಕಡೆ ಉಗುರು ತಡೆಯಿತು. "ಇದೊಂದು ಗೆರಿ ಯಾಕ ಉಳದೈತಿ?"

"ಅದು ಸೀಮ್ ಕಾಕಾ, ಪ್ರತಿ ಲೇಯರ್ ಶುರುವಾಗೋ ಜಾಗ. ಅದು ಹೋಗೋದಿಲ್ಲ."

ಬುಡದಿಂದ ತುದಿಯವರೆಗೆ ಆ ಗೆರೆಯ ಮೇಲೆ ಬೆರಳಾಡಿಸಿದರು. "ಎಳಿಯೋ ಕಡೀಗೇ ಉದ್ದಕ ಐತಿ. ಉಸುಕ ಹಿಡಿಯಂಗಿಲ್ಲ, ನಡೀತೈತಿ" ಅಂದು ಜೇಬಿಗೆ ಹಾಕಿಕೊಂಡರು.